ಮೂರೂವರೆ ಸಾವಿರದ ಕಾಯ್ದೆ, ಹದಿನೈದು ದಿನದ ನೋಟಿಸು

ಬೆಂಗಳೂರಿನ ಬಾಡಿಗೆ ಏರಿಕೆಯ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಕೇಳಿಬರುವ, ಈ ವಾರವೂ ಕೇಳಿ ಸಿಟ್ಟು ತರಿಸಿದ ಮಾತು, "ಮನೆ ನಮ್ಮದು, ಬಾಡಿಗೆಯೂ ನಮ್ಮಿಷ್ಟ" ಎಂಬುದು. ಅದರ ಪೂರ್ವಾರ್ಧ ನಿಜ. ಉತ್ತರಾರ್ಧವಾದರೋ ಕರಾರಿನ ಅವಧಿ ಮುಗಿಯುವ ತನಕ ಶುದ್ಧ ಸುಳ್ಳು.

ಜೂನ್ 1ರಿಂದ ಹನ್ನೊಂದು ತಿಂಗಳಿಗೆ, ತಿಂಗಳಿಗೆ 18,000 ರೂಪಾಯಿಯಂತೆ ಕರಾರಾಗಿದ್ದು, ನವೀಕರಣದ ವೇಳೆ ಶೇ 5ರಷ್ಟು ಏರಿಕೆಯೆಂದು ಬರೆದಿರುವ ಮನೆಯೊಂದರ ಮಾಲೀಕ, ಡಿಸೆಂಬರಿನಲ್ಲೇ ಮೊಬೈಲಿಗೆ ಸಂದೇಶ ಕಳಿಸಿ, ಜನವರಿಯಿಂದ 22,000 ಕೊಡಬೇಕು ಇಲ್ಲವೇ ಖಾಲಿ ಮಾಡಬೇಕು ಎಂದನೆಂದು ಭಾವಿಸಬಹುದು. ಏಪ್ರಿಲ್ 30ರವರೆಗೆ 18,000ವೇ ಬಾಡಿಗೆ. ಅದನ್ನು ಒಂದು ಪಕ್ಷ ಮಾತ್ರ ಬದಲಿಸಲಾಗದು. ಇಂಥ ಸಂದರ್ಭದಲ್ಲಿ ಬಾಡಿಗೆದಾರ ಮಾಡಬೇಕಾದದ್ದು ಜಗಳವಲ್ಲ. ಕರಾರಿನ ಷರತ್ತನ್ನು ಉಲ್ಲೇಖಿಸಿ ಲಿಖಿತ ಉತ್ತರ ಕೊಟ್ಟು, ಹಳೆಯ ಬಾಡಿಗೆಯನ್ನೇ ತಾರೀಖು ತಪ್ಪದೆ ಬ್ಯಾಂಕ್ ಖಾತೆಗೆ ಹಾಕುವುದು, ಏಕೆಂದರೆ ಬಾಡಿಗೆ ನಿಲ್ಲಿಸಿದ ದಿನವೇ ಬಾಕಿದಾರನೆಂಬ ಆಯುಧ ಮಾಲೀಕನ ಕೈಸೇರುತ್ತದೆ. ಮೇ ತಿಂಗಳಿಗೆ ನವೀಕರಣವಾದರೆ, ಕರಾರಿನಂತೆ ಬಾಡಿಗೆ 18,900.

ಆದರೆ ನವೀಕರಿಸಲೇಬೇಕೆಂಬ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ, ಅವಧಿ ಮುಗಿದ ಮೇಲೆ ಮನೆ ಬಿಟ್ಟುಕೊಡಬೇಕಾಗುತ್ತದೆ. ಮಾಲೀಕ ಮೇ ತಿಂಗಳ ಬಾಡಿಗೆಯನ್ನೂ ಒಪ್ಪಿ ಪಡೆದು ಸುಮ್ಮನಿದ್ದರೆ, ಬೇರೆ ಒಪ್ಪಂದವಿಲ್ಲದಿರುವಾಗ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಗೇಣಿಯಾಗಿ, ಅದನ್ನು ಕೊನೆಗಾಣಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಹದಿನೈದು ದಿನಗಳ ಲಿಖಿತ, ಸಹಿ ಇರುವ ನೋಟಿಸು ಬೇಕಾಗುತ್ತದೆ. ಅವಧಿ ಎಣಿಸುವುದು ನೋಟಿಸು ಕೈಸೇರಿದ ದಿನದಿಂದ. ಕರಾರಿನಲ್ಲಿ ಎರಡು ತಿಂಗಳೆಂದಿದ್ದರೆ ಅದೇ ಅನ್ವಯಿಸುತ್ತದೆ.

ನೋಟಿಸಿನ ಗಡುವು ಮುಗಿದರೂ ಬೀಗ ಒಡೆಯುವ, ನೀರು ನಿಲ್ಲಿಸುವ ಹಕ್ಕು ಮಾಲೀಕನಿಗೆ ಹುಟ್ಟುವುದಿಲ್ಲ. ಅವನಿಗಿರುವ ದಾರಿ ನ್ಯಾಯಾಲಯದಲ್ಲಿ ಸ್ವಾಧೀನದ ದಾವೆ. ಬಲವಂತವಾಗಿ ಹೊರದಬ್ಬಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಹಾಗೆಂದು ದಾವೆಯ ವಿಳಂಬವನ್ನೇ ನಂಬಿ ಕೂರುವುದು ಜಾಣತನವಲ್ಲ, ಗೇಣಿ ಕೊನೆಗೊಂಡ ನಂತರದ ವಾಸಕ್ಕೆ ನ್ಯಾಯಾಲಯ ಹಳೆಯ ಬಾಡಿಗೆಗಿಂತ ಹೆಚ್ಚಿನ ಪರಿಹಾರ ವಿಧಿಸಬಹುದು.

ಇಷ್ಟೆಲ್ಲ ಸರ್ಕಸ್ಸು ಏಕೆಂದರೆ, ಬಾಡಿಗೆದಾರರನ್ನು ನಿಜವಾಗಿ ಕಾಯಬೇಕಿದ್ದ, ನಿಗದಿತ ಕಾರಣಗಳಿಲ್ಲದೆ ತೆರವುಗೊಳಿಸಲು ಬಿಡದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಬೆಂಗಳೂರಿನಂಥ ನಗರಗಳಲ್ಲಿ ಅನ್ವಯಿಸುವುದು ತಿಂಗಳಿಗೆ 3,500 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ಹಣಕ್ಕೆ ಇಂದು ನಗರದಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕೀತು; ಹಾಗಾಗಿ ಶಾಸನಸಭೆಯ ರಕ್ಷಣೆ ಸದ್ಯಕ್ಕೆ ಕಾರಿಗೆ.