ವಾಸನೆ ಸೀದಾ ಮಿದುಳಿಗೆ ಹೋಗ್ತದ, ಖರೆ. ಮುಂದ?

“ವಾಸನಿ ಸೀದಾ ಮಿದುಳಿಗೆ ಹೋಗ್ತದ್ರಿ, ಮತ್ತ ಗುಳಿಗಿ ಯಾಕ ಬೇಕು?” ಲ್ಯಾವೆಂಡರ್ ಎಣ್ಣೆ ಮಾರುವವರ ಈ ಮಾತು ಇಜೇರಿಯಲ್ಲಿ ಕುಳಿತವರ ಫೋನಿಗೂ ಬರುತ್ತದೆ. ಇದರಲ್ಲಿ ಅರ್ಧ ಖರೆ. ಉಳಿದರ್ಧದಲ್ಲಿ ವ್ಯಾಪಾರವಿದೆ, ಅದಕ್ಕೇ ನಮ್ಮ ತಕರಾರು.

ಮೂಗಿನ ಒಳಗೆ, ಮೇಲ್ತುದಿಯಲ್ಲಿ, ಒಂದು ತೇವದ ಪೊರೆ ಇದೆ. ವಾಸನೆಯ ಕಣ ಅಲ್ಲಿಗೆ ಅಂಟಿದಾಗ ಸಣ್ಣ ನರಗಳು ಸುದ್ದಿ ಎತ್ತಿಕೊಂಡು, ಜರಡಿಯಂಥ ಒಂದು ಎಲುಬಿನ ತೂತುಗಳಿಂದ ಮಿದುಳಿಗೆ ಮುಟ್ಟಿಸುತ್ತವೆ. ಕಣ್ಣು, ಕಿವಿಯ ಸುದ್ದಿ ಮೊದಲು ಥಲಾಮಸ್ ಎಂಬ ಠಾಣೆಯಲ್ಲಿ ನಿಂತು ಹೋಗಬೇಕು. ವಾಸನೆ ಅಲ್ಲಿ ನಿಲ್ಲದೆ, ಅಂಜಿಕೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳ ಹತ್ತಿರ ಹೋಗುತ್ತದೆ. ಮೊದಲ ಮಳೆಗೆ ಎರಿ ಹೊಲದ ವಾಸನೆ ಬಂದರೆ ಮನಸ್ಸು ಅರಳುವುದು ಅದಕ್ಕೇ. ಆದರೆ ದವಾಖಾನಿಯ ಫಿನಾಯಿಲ್ ವಾಸನೆಗೆ ಎದೆ ಢವಢವ ಅನ್ನುವುದೂ ಇದೇ ದಾರಿಯಿಂದ. ದಾರಿ ಸೀದಾ ಇದೆ ಎಂದ ಮಾತ್ರಕ್ಕೆ ಅದರಲ್ಲಿ ಹೋದದ್ದೆಲ್ಲ ಔಷಧಿಯೇ?

ಹಲ್ಲು ಕೀಳಿಸುವ ಮುಂಚೆ, ಆಪರೇಷನ್ ಮುಂಚೆ ಸುವಾಸನೆ ಕೊಟ್ಟಾಗ ಅಂಜಿಕೆ ತುಸು ಇಳಿಯಿತೆಂದು ಹೇಳುವ ಅಧ್ಯಯನಗಳಿವೆ. ಬಹಳಷ್ಟು ಸಣ್ಣವು, ನೋಡಿದ್ದೂ ಆ ಹೊತ್ತಿನ ಅಂಜಿಕೆಯನ್ನಷ್ಟೇ. ದೊಡ್ಡ ತೊಡಕು ಬೇರೆ. ಗುಳಿಗೆಯ ಪರೀಕ್ಷೆಯಲ್ಲಿ ಅದೇ ಬಣ್ಣದ ಹುಸಿ ಗುಳಿಗೆ ಕೊಟ್ಟು ಹೋಲಿಸಬಹುದು. ವಾಸನೆಯನ್ನು ಮೂಗಿನಿಂದ ಬಚ್ಚಿಡುವುದು ಹೇಗೆ?

ಐರ್ಲೆಂಡಿನ ಹೋವರ್ಡ್ ಮತ್ತು ಹ್ಯೂಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ತೊಡಕನ್ನೇ ಹಿಡಿಯಿತು. 96 ಯುವತಿಯರಲ್ಲಿ ಕೆಲವರಿಗೆ ಲ್ಯಾವೆಂಡರ್, ಕೆಲವರಿಗೆ ಬೇರೆ ವಾಸನೆ, ಉಳಿದವರಿಗೆ ಏನೂ ಇಲ್ಲ. ಜೊತೆಗೆ, ವಾಸನೆ ಏನು ಮಾಡುತ್ತದೆಂದು ಮೊದಲೇ ಹೇಳಿದ ಮಾತನ್ನೂ ಬದಲಿಸಿದರು. ಆಮೇಲೆ ಚರ್ಮದ ಬೆವರಿನ ಏರಿಳಿತ ಅಳೆದರು. ಲ್ಯಾವೆಂಡರ್‌ನಿಂದ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ತಂದದ್ದು ಮೊದಲೇ ತಲೆಯಲ್ಲಿ ಹಾಕಿದ ನಿರೀಕ್ಷೆ.

“ಜರ್ಮನಿಯಲ್ಲಿ ಸಾಬೀತಾಗಿದೆ” ಅನ್ನುವವರಿಗೂ ಒಂದು ಮಾತು. ಅಲ್ಲಿ ಪರೀಕ್ಷೆ ಮಾಡಿದ್ದು ಸಿಲೆಕ್ಸಾನ್ ಎಂಬ, ಅಳತೆ ಗೊತ್ತುಮಾಡಿದ ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್. ಅದು ನುಂಗುವಂಥದ್ದು, ಮೂಸುವಂಥದ್ದಲ್ಲ. ಫಲಿತಾಂಶ ಒಳ್ಳೆಯದೇ ಬಂದಿದೆ, ಆದರೆ ಆ ಅಧ್ಯಯನಗಳಲ್ಲಿ ಬಹಳಕ್ಕೆ ರೊಕ್ಕ ಕೊಟ್ಟದ್ದು ತಯಾರಿಸುವ ಕಂಪನಿ. ಅದನ್ನು ತೋರಿಸಿ ಮೂಸುವ ಬಾಟಲಿ ಮಾರುವುದು ಎತ್ತು ತೋರಿಸಿ ಕತ್ತೆ ಮಾರಿದಂತೆ. ಹಾಗಂತ ಆ ಬಾಟಲಿಯ ಎಣ್ಣೆ ಕುಡಿಯಲು ಹೋಗಬೇಡಿ. ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಹಿತವೆನಿಸಿದರೆ ಮಲ್ಲಿಗೆ ಮುಡಿಯಿರಿ, ಊದಿನಕಡ್ಡಿ ಹಚ್ಚಿರಿ, ನಮ್ಮದೇನೂ ಅಡ್ಡಿಯಿಲ್ಲ. ಆದರೆ ವಾರಗಟ್ಟಲೆ ನಿದ್ದೆಯಿಲ್ಲ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಕೆಲಸಕ್ಕೆ ಕೈ ಏಳುವುದಿಲ್ಲ ಎಂದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್, ರೊಕ್ಕ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಕೊಟ್ಟ ಗುಳಿಗೆಯನ್ನು ಎಣ್ಣೆ ನಂಬಿ ಒಮ್ಮೆಲೇ ಬಿಡಬೇಡಿ. ಕೆಲವನ್ನು ಹಾಗೆ ಬಿಟ್ಟರೆ ಕಳವಳ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ.