ಖರ್ಚಾಗದ ನಾಲ್ಕು ಲಕ್ಷ

ಈ ವಾರ ಕೈಗೆ ಬಂದ ವಿದ್ಯಾರ್ಥಿವೇತನ ಟ್ರಸ್ಟೊಂದರ ವಾರ್ಷಿಕ ವರದಿಯನ್ನು ಕೊನೆಯ ಪುಟದಿಂದ ಓದಿದೆ. ದತ್ತಿ ಸಂಸ್ಥೆಗಳ ವರದಿಯನ್ನು ಹಾಗೆಯೇ ಓದಬೇಕು. ಮೊದಲ ಪುಟಗಳಲ್ಲಿ 60 ಮಕ್ಕಳಿಗೆ ತಲಾ 10 ಸಾವಿರ ಕೊಟ್ಟ ಸುದ್ದಿ, ನಗುಮುಖದ ಫೋಟೊಗಳು. ಅದು ನಿಜವಾದ ಸಾಧನೆಯೇ. ಆದಾಯ-ವೆಚ್ಚದ ಲೆಕ್ಕದಲ್ಲೂ ಬಂದದ್ದು 6 ಲಕ್ಷ, ಹೋದದ್ದು 6 ಲಕ್ಷ. ಆದರೆ ದಾನಿ ಕೊಟ್ಟದ್ದು 100 ಮಕ್ಕಳಿಗೆಂದು 10 ಲಕ್ಷ. ನಿರ್ದಿಷ್ಟ ಉದ್ದೇಶಕ್ಕೆ ಬಂದ ಅನುದಾನದಲ್ಲಿ ಖರ್ಚಾದಷ್ಟನ್ನೇ ಆದಾಯವೆಂದು ತೋರಿಸುವುದು ವಾಡಿಕೆ. ಉಳಿದ 4 ಲಕ್ಷ ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆಯ ಬದಿಯಲ್ಲಿ ‘ಬಳಕೆಯಾಗದ ಅನುದಾನ’ ಎಂಬ ಒಂದು ಸಾಲಾಗಿ ಕೂರುತ್ತದೆ. ಲೆಕ್ಕಪರಿಶೋಧಕರು ಒಪ್ಪುತ್ತಾರೆ, ತಪ್ಪೇನೂ ಇಲ್ಲ. ಆದರೆ ಆ 40 ಮಕ್ಕಳು ಯಾಕೆ ತಪ್ಪಿದರು? ಅರ್ಜಿ ಕರೆಯುವ ಹೊತ್ತಿಗೆ ಕಾಲೇಜಿನ ಶುಲ್ಕದ ಗಡುವು ಮುಗಿದಿತ್ತೇ, ಮಕ್ಕಳ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿತ್ತೇ? ಅದನ್ನು ಹೇಳಬೇಕಾದದ್ದು ಫೋಟೊಗಳ ಪಕ್ಕದಲ್ಲೇ, ‘ನೂರರ ಗುರಿ, ಅರವತ್ತು ತಲುಪಿದೆವು, ಕಾರಣ ಇದು, ಉಳಿದ ಹಣ ಈ ಜೂನ್‌ನಲ್ಲಿ ಹೀಗೆ’ ಎಂದು. ಓದುಗರು ‘ಬಳಕೆಯಾಗದ ಅನುದಾನ’ದ ಸಾಲಿನ ಪಕ್ಕದಲ್ಲಿರುವ ಹಿಂದಿನ ವರ್ಷದ ಅಂಕಿಯನ್ನೂ ನೋಡಲಿ: ಅಲ್ಲೂ ಹಣ ಉಳಿದಿದ್ದರೆ, ಅದನ್ನು ಒಂದು ವರ್ಷದ ಎಡವಟ್ಟು ಎನ್ನಲಾಗದು.