ಫೋನು ಓದಿದ ಬಿಲ್ಲಿಗೆ ಮೂರು ಜರಡಿ

ದಿನಸಿ ಅಂಗಡಿಯ ಬಿಲ್ಲಿನ ಫೋಟೊ ತೆಗೆದರೆ ಸಾಕು, ಅದರಲ್ಲಿರುವ ಅಂಕಿಗಳನ್ನೆಲ್ಲ ಓದಿ ಪಟ್ಟಿ ಮಾಡಿಕೊಡುವ ಆಪ್‌ಗಳು ಈಗ ಇವೆ. ಆದರೆ ಕಾಗದದ ಅಚ್ಚು ಮಾಸಿದ್ದರೆ 8 ಇದ್ದದ್ದು 3 ಆಗಬಹುದು, 1 ಇದ್ದದ್ದು 7 ಆಗಬಹುದು. ಕೆಲವೊಮ್ಮೆ ₹ ಚಿಹ್ನೆಯೇ 2 ಎಂಬ ಅಂಕಿಯಾಗಿ ಮೊತ್ತದ ಮುಂದೆ ಕೂತುಬಿಡುತ್ತದೆ. ಪ್ರತಿ ಸಾಲನ್ನೂ ಕ್ಯಾಲ್ಕುಲೇಟರಿನಲ್ಲಿ ಒತ್ತದೆ, ಬಾಯಿಲೆಕ್ಕದಲ್ಲೇ ಇಂಥ ತಪ್ಪು ಹಿಡಿಯುವುದು ಹೇಗೆ?

ಒಂದು ಬಿಲ್ಲನ್ನು ಹೀಗೆ ಓದಲಾಗಿದೆ ಎಂದುಕೊಳ್ಳೋಣ. ಅಕ್ಕಿ 25 ಕೆ.ಜಿ., ದರ 58, ಮೊತ್ತ 1450. ತೊಗರಿಬೇಳೆ 3 ಕೆ.ಜಿ., ದರ 164, ಮೊತ್ತ 492. ಎಣ್ಣೆ 4 ಪ್ಯಾಕೆಟ್, ದರ 147, ಮೊತ್ತ 583. ಸಕ್ಕರೆ 6 ಕೆ.ಜಿ., ದರ 46, ಮೊತ್ತ 276. ಒಟ್ಟು 2806.

ಮೊದಲ ಜರಡಿ ಅಂದಾಜು ಲೆಕ್ಕ. ಮೊತ್ತಗಳನ್ನು ಹತ್ತಿರದ ನೂರಕ್ಕೆ ಹೊಂದಿಸಿದರೆ 1500, 500, 600, 300, ಕೂಡಿದರೆ 2900. ಒಟ್ಟು 2806 ಅದಕ್ಕೆ ಹತ್ತಿರವೇ ಇದೆ. ₹ ಚಿಹ್ನೆ ಅಂಕಿಯಾಗಿ ಸೇರಿ 22806 ಎಂದು ಬಂದಿದ್ದರೆ, ಅಥವಾ ಪೈಸೆಯ ಚುಕ್ಕಿ ಬಿಟ್ಟುಹೋಗಿ 280600 ಆಗಿದ್ದರೆ, ಇಲ್ಲೇ ಸಿಕ್ಕಿಬೀಳುತ್ತಿತ್ತು. ಈ ಜರಡಿಯ ಕಣ್ಣು ದೊಡ್ಡದು. ದೊಡ್ಡ ತಪ್ಪುಗಳು ನಿಲ್ಲುತ್ತವೆ, ಐದು ಹತ್ತು ರೂಪಾಯಿಯವು ಸೋರಿಹೋಗುತ್ತವೆ.

ಅವನ್ನು ಹಿಡಿಯಲು ಎರಡನೆಯ ಜರಡಿ, ಒಂಬತ್ತು ಕಳೆಯುವ ಲೆಕ್ಕ. ಸಂಖ್ಯೆಯ ಅಂಕಿಗಳನ್ನು ಕೂಡುತ್ತ ಒಂದೇ ಅಂಕಿಗೆ ಇಳಿಸಬೇಕು. 492 ಆದರೆ 4, 9, 2 ಸೇರಿ 15. 1 ಮತ್ತು 5 ಸೇರಿ 6. ಇದರ ಗುಟ್ಟು ಸರಳ. ನೂರು ರೂಪಾಯಿಯನ್ನು ಒಂಬತ್ತು ಜನರಿಗೆ ಸಮನಾಗಿ ಹಂಚಿದರೆ ಒಂದು ರೂಪಾಯಿ ಮಿಗುತ್ತದೆ. ಹತ್ತು ರೂಪಾಯಿಯಲ್ಲೂ ಅಷ್ಟೇ. ಹಾಗಾಗಿ ಅಂಕಿಗಳ ಮೊತ್ತ ಎಂದರೆ ಒಂಬತ್ತರ ಪಾಲು ಹಂಚಿ ಮಿಕ್ಕ ಚಿಲ್ಲರೆ. ಉತ್ತರ 9 ಬಂದರೆ ಏನೂ ಮಿಕ್ಕಿಲ್ಲ ಎಂದರ್ಥ. ಕೂಡಿದರೂ ಗುಣಿಸಿದರೂ ಈ ಚಿಲ್ಲರೆಗಳು ತಾಳೆಯಾಗಲೇಬೇಕು.

ನಮ್ಮ ಬಿಲ್ಲಿನಲ್ಲಿ 1450ರ ಚಿಲ್ಲರೆ 1, 492ರದು 6, 583ರದು 7, 276ರದು 6. ಕೂಡಿದರೆ 20, ಅಂದರೆ 2. ಆದರೆ 2806ರ ಚಿಲ್ಲರೆ 7. ತಾಳೆಯಾಗಲಿಲ್ಲ! ಈಗ ಸಾಲುಸಾಲಾಗಿ ನೋಡಬೇಕು. ಎಣ್ಣೆಯ ದರ 147ರ ಚಿಲ್ಲರೆ 3. ನಾಲ್ಕರಿಂದ ಗುಣಿಸಿದರೆ 12, ಅಂದರೆ 3. ಪಟ್ಟಿಯಲ್ಲಿರುವ 583 ಕೊಡುವುದು 7. ತಪ್ಪು ಇಲ್ಲೇ ಇದೆ. ಅಲ್ಲಿ ಇರಬೇಕಾದದ್ದು 588.

ಈ ಜರಡಿಯಲ್ಲೂ ತೂತುಗಳಿವೆ. ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ. 492ರ ಬದಲು 429 ಎಂದು ಬರೆದುಕೊಂಡರೂ ಚಿಲ್ಲರೆ 6. 0 ಮತ್ತು 9 ಕೂಡ ಇದರ ಕಣ್ಣಿಗೆ ಒಂದೇ. ಆದ್ದರಿಂದ ಮೂರನೆಯ ಜರಡಿಯಾಗಿ ಕೊನೆಯ ಅಂಕಿಯನ್ನು ನೋಡಿ. 3 ಕೆ.ಜಿ. ಬೇಳೆಗೆ 164ರ ದರ. ಮೂರು ನಾಲ್ಕಲಿ ಹನ್ನೆರಡು, ಉತ್ತರ 2ರಲ್ಲಿ ಮುಗಿಯಬೇಕು. 429 ಮುಗಿಯುವುದು 9ರಲ್ಲಿ.

ಪೂರ್ತಿ ಕೂಡಿ ನೋಡಿದಾಗಲೂ ಅದಲುಬದಲು ತನ್ನ ಗುರುತು ಬಿಟ್ಟಿರುತ್ತದೆ. ಎಣ್ಣೆಯ ಮೊತ್ತ ತಿದ್ದಿಕೊಂಡು, ಬೇಳೆಗೆ 429 ಎಂದೇ ಇಟ್ಟು ಕೂಡಿದರೆ 2743. ಒಟ್ಟಿಗಿಂತ 63 ಕಡಿಮೆ. ವ್ಯತ್ಯಾಸವನ್ನು ಒಂಬತ್ತು ನಿಶ್ಶೇಷವಾಗಿ ಭಾಗಿಸಿದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ಶಂಕಿಸಿ. ಇಲ್ಲಿ ಭಾಗಲಬ್ಧ 7. ಹತ್ತರ ಮತ್ತು ಬಿಡಿ ಸ್ಥಾನದ ಅಂಕಿಗಳ ನಡುವೆ ಏಳರ ಅಂತರವಿರುವ ಮೊತ್ತವನ್ನು ಹುಡುಕಿದರೆ ನೇರ 429ರ ಬಳಿಗೇ ಬರುತ್ತೇವೆ.

ಬಿಲ್ಲಿನಲ್ಲಿ ಪೈಸೆ ಇದ್ದರೆ ಒಂದು ಎಚ್ಚರ ಬೇಕು. ಅಂಗಡಿಯವರು ಕೊನೆಗೆ ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ 'ರೌಂಡ್ ಆಫ್' ಸಾಲು ಸೇರಿಸಿರುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸರಿಯಾದ ಬಿಲ್ಲೂ ತಾಳೆಯಾಗದು.

ತಾಳೆಯಾಗದ ಸಾಲು ಸಿಕ್ಕಿತೆಂದು ಕೂಡಲೇ ಅಂಕಿ ತಿದ್ದಬೇಡಿ. ಕಾಗದದ ಬಿಲ್ಲನ್ನು ತೆಗೆದು ನೋಡಿ. ಅಲ್ಲಿ 588 ಇದ್ದರೆ ಫೋನು ತಪ್ಪು ಓದಿದೆ. ಅಲ್ಲೂ 583 ಎಂದೇ ಇದ್ದರೆ ಬಿಲ್ಲು ಹಿಡಿದು ಅಂಗಡಿಗೇ ಹೋಗಿ ಕೇಳಬೇಕು.